ನೆನಪಿಸುವ ಸಂದೇಶದಲ್ಲಿ ಎಷ್ಟು ಕ್ಷಮೆ ಬೇಕು?

ಘಣಸೋಲಿಯಲ್ಲಿ ಶುಭಕಾರ್ಯಗಳಿಗೆ ಊರಿನ ಶೈಲಿಯ ಊಟ ಮಾಡಿಸಿಕೊಡುವ ಪರಿಚಯದವರೊಬ್ಬರು, ಕಳಿಸುವ ಮುನ್ನ ನೋಡಿಕೊಡಿ ಎಂದು ಒಂದು ವಾಟ್ಸಾಪ್ ಸಂದೇಶವನ್ನು ನನ್ನ ಮುಂದಿಟ್ಟರು. ನಿಶ್ಚಿತಾರ್ಥವೊಂದಕ್ಕೆ ಮೆನು, ದರ ಎಲ್ಲ ಕಳಿಸಿ ಹತ್ತು ದಿನವಾಗಿತ್ತು. ಆ ಕಡೆಯಿಂದ ಸದ್ದಿಲ್ಲ. ಅವರು ಬರೆದಿದ್ದು ಹೀಗೆ:

‘ನಮಸ್ಕಾರ ರಾಯರೇ, ಕ್ಷಮಿಸಿ, ಮತ್ತೆ ತೊಂದರೆ ಕೊಡ್ತಾ ಇದ್ದೇನೆ. ನೀವು ತುಂಬ ಬ್ಯುಸಿ ಇರ್ತೀರಿ ಅಂತ ಗೊತ್ತು. ಹೋದ ವಾರವೇ ಕೇಳಬೇಕೆಂದಿದ್ದೆ, ಮಗಳಿಗೆ ಜ್ವರ ಬಂದು ಆಗಲಿಲ್ಲ. ಮೆನು ಕಳಿಸಿದ್ದೆ, ಬಹುಶಃ ನೋಡಿರಲಿಕ್ಕಿಲ್ಲ, ಪರವಾಗಿಲ್ಲ. ದರ ಜಾಸ್ತಿ ಅನ್ನಿಸಿದರೆ ಕಡಿಮೆ ಮಾಡೋಣ. ಅಮ್ಮ ಕೇಳಿದ ಗಸಗಸೆ ಪಾಯಸ ಸೇರಿಸಿದ್ದೇನೆ. ಅರ್ಜೆಂಟ್ ಏನಿಲ್ಲ, ಸಮಯ ಸಿಕ್ಕಾಗ ಹೇಳಿ. ಅಡುಗೆಯವರು ಕೇಳ್ತಿದ್ದಾರೆ, ಅದಕ್ಕೇ. ತಪ್ಪು ತಿಳಿಯಬೇಡಿ, ಇನ್ನೊಮ್ಮೆ ಕ್ಷಮೆ ಇರಲಿ.’

ಒಳ್ಳೆಯ ಮನುಷ್ಯ ಬರೆದದ್ದೆಂದು ಮೊದಲ ಸಾಲಿಗೇ ತಿಳಿಯುತ್ತದೆ. ಆದರೆ ಇಡೀ ಸಂದೇಶದಲ್ಲಿ ಪ್ರಶ್ನೆಯೇ ಇಲ್ಲ. ಓದಿದವರು ಯಾವುದಕ್ಕೆ ಹೌದು ಅಥವಾ ಇಲ್ಲ ಅನ್ನಬೇಕು? ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಆ ಜಾಗವನ್ನೆಲ್ಲ ಇಲ್ಲಿ ಕ್ಷಮೆಯೇ ನುಂಗಿದೆ. ಠಾಣೆ ಕಡೆಯ ಲೋಕಲ್‌ನಲ್ಲಿ ನಿಂತು ನೋಡಿದವರು ‘ಆಮೇಲೆ ಓದೋಣ’ ಎಂದು ಫೋನನ್ನು ಜೇಬಿಗಿಡುತ್ತಾರೆ.

ಇನ್ನೂ ದೊಡ್ಡ ಹಾನಿ ನಡುವಿನ ಮೂರು ಮಾತುಗಳಲ್ಲಿದೆ. ‘ನೋಡಿರಲಿಕ್ಕಿಲ್ಲ, ಪರವಾಗಿಲ್ಲ’ ಎಂಬುದು ವಿನಯದಂತೆ ಕಂಡರೂ ಓದುವವರಿಗೆ ಆಕ್ಷೇಪಣೆಯಾಗಿಯೇ ಕೇಳುತ್ತದೆ. ‘ದರ ಕಡಿಮೆ ಮಾಡೋಣ’ ಎಂದರೆ ಯಾರೂ ಚೌಕಾಸಿ ಮಾಡುವ ಮೊದಲೇ ತಾವಾಗಿ ಬೆಲೆ ಇಳಿಸಿದಂತೆ. ‘ಅರ್ಜೆಂಟ್ ಏನಿಲ್ಲ’ ಎಂಬುದಂತೂ ನಿಜವೇ ಅಲ್ಲ. ಅಡುಗೆ ಭಟ್ಟರ ತಂಡ ಬೇರೆ ಕಡೆ ಒಪ್ಪಿಕೊಂಡುಬಿಟ್ಟರೆ ಆ ಭಾನುವಾರಕ್ಕೆ ಇನ್ನೊಂದು ತಂಡ ಸಿಗುವುದು ಕಷ್ಟ. ವಾಶಿಯ ಎಪಿಎಂಸಿಯಿಂದ ತರಕಾರಿ ಎರಡು ದಿನ ಮುಂಚೆ ತಂದರೂ ನಡೆಯುತ್ತದೆ, ಜನ ಹಾಗೆ ಸಿಗುವುದಿಲ್ಲ.

ತಿದ್ದಲು ಕೂತಾಗ ನಾನು ಅಳಿಸುವುದರಿಂದ ಶುರು ಮಾಡುವುದಿಲ್ಲ. ಮೊದಲು ಉಳಿಯಬೇಕಾದದ್ದರ ಕೆಳಗೆ ಗೆರೆ ಎಳೆಯುತ್ತೇನೆ. ಇಲ್ಲಿ ಅಂಥವು ಎರಡು: ಅಡುಗೆಯವರು ಕೇಳುತ್ತಿರುವುದು ಮತ್ತು ಗಸಗಸೆ ಪಾಯಸ. ಮೊದಲನೆಯದು ಈ ಸಂದೇಶಕ್ಕೆ ಕಾರಣ. ಎರಡನೆಯದು ಅದರ ಪ್ರೀತಿ. ಮನೆಯ ಹಿರಿಯರು ಆಸೆಪಟ್ಟದ್ದು ಇವರಿಗೆ ನೆನಪಿದೆ ಎಂಬ ಒಂದು ಮಾತು ಎಷ್ಟೋ ‘ಕ್ಷಮಿಸಿ’ಗಳಿಗಿಂತಲೂ ಹತ್ತಿರದ್ದು. ಕರಡಿನಲ್ಲಿ ಅದು ದರಕ್ಕೂ ಅರ್ಜೆಂಟಿಗೂ ನಡುವೆ ಸಿಕ್ಕಿಕೊಂಡಿತ್ತು. ಕರಡಿನಲ್ಲಿ ಇಲ್ಲದೇ ಹೋದದ್ದು ಎಂದರೆ ದಿನಾಂಕ, ಜನರ ಸಂಖ್ಯೆ ಮತ್ತು ಪ್ರಶ್ನೆ. ಅವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡೆ.

ಮೊದಲು ಎಲ್ಲವನ್ನೂ ಕತ್ತರಿಸಿ ನೋಡಿದೆವು: ‘23ರ ಆರ್ಡರ್ ಕನ್ಫರ್ಮ್ ಮಾಡಿ.’ ಚಿಕ್ಕದೇನೋ ಹೌದು, ಆದರೆ ವಿದ್ಯುತ್ ಬಿಲ್ಲಿನ ನೋಟಿಸಿನ ಹಾಗಿದೆ. ಕೊನೆಗೆ ನಿಂತದ್ದು ಇದು:

‘ನಮಸ್ಕಾರ ರಾಯರೇ. 23ರ ಭಾನುವಾರದ ನಿಶ್ಚಿತಾರ್ಥಕ್ಕೆ 120 ಜನರ ಊಟ ಖಾಯಂ ಮಾಡಲೇ? 15ರ ಶನಿವಾರದೊಳಗೆ ತಿಳಿಸಿದರೆ ಅಡುಗೆಯವರನ್ನು ಆ ದಿನಕ್ಕೆ ಗೊತ್ತು ಮಾಡುತ್ತೇನೆ. ಅಮ್ಮ ಕೇಳಿದ ಗಸಗಸೆ ಪಾಯಸ ಸೇರಿಸಿದ್ದೇನೆ. ಮೆನು ಇದರ ಜೊತೆಗೇ ಇದೆ.’

‘ತಿಳಿಸಿದರೆ ಗೊತ್ತು ಮಾಡುತ್ತೇನೆ’ ಎಂಬ ವಾಕ್ಯವನ್ನು ಬೇಕೆಂದೇ ಹಾಗೆ ಇಟ್ಟೆವು. ‘ತಿಳಿಸದಿದ್ದರೆ ನಾವು ಜವಾಬ್ದಾರರಲ್ಲ’ ಎಂದಿದ್ದರೂ ಗಡುವು ಅದೇ, ಆದರೆ ಅದು ಬೆದರಿಕೆ. ಗಡುವು ನಿಜವಾಗಿದ್ದರೆ ಮಾತ್ರ ಬರೆಯಿರಿ. ಸುಳ್ಳು ಗಡುವು ದಾಟಿದ ಮೇಲೂ ಕೆಲಸ ಒಪ್ಪಿಕೊಂಡರೆ ಮುಂದಿನ ಸಲ ನಿಮ್ಮ ದಿನಾಂಕವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಮೆನುವನ್ನು ಮತ್ತೆ ಜೊತೆಗಿಟ್ಟದ್ದರಿಂದ ‘ನೋಡಿರಲಿಕ್ಕಿಲ್ಲ’ ಎನ್ನುವ ಅಗತ್ಯವೂ ತಪ್ಪಿತು. ನೋಡದವರು ಈಗ ಮುಜುಗರವಿಲ್ಲದೆ ನೋಡುತ್ತಾರೆ.

‘ದಯವಿಟ್ಟು ಕೂಡ ಬೇಡವಾ?’ ಎಂದು ಅವರು ಕೇಳಿದರು. ಮರ್ಯಾದೆ ‘ರಾಯರೇ’ಯಲ್ಲಿದೆ, ‘ಮಾಡಲೇ’ ಎಂದು ಅನುಮತಿ ಕೇಳಿದ್ದರಲ್ಲಿದೆ. ಸಂಶಯವಿದ್ದರೆ ಎದುರಿಗಿರುವವರಿಗೆ ಹೇಳಿದಂತೆ ಜೋರಾಗಿ ಓದಿ ನೋಡಿ. ನಾಲಗೆ ತಡವರಿಸುವ ಕಡೆ ಮಾತ್ರ ಇನ್ನೊಂದು ಪದ ಹಾಕಿ.

ಕ್ಷಮೆಗೆ ಜಾಗವೇ ಇಲ್ಲವೆಂದಲ್ಲ. ಮೆನು ಕಳಿಸುವುದನ್ನು ಇವರೇ ತಡಮಾಡಿದ್ದರೆ ಮೊದಲ ಸಾಲಿನಲ್ಲಿ ‘ಮೆನು ಕಳಿಸುವುದು ತಡವಾಯಿತು, ಕ್ಷಮಿಸಿ’ ಎಂದು ಒಮ್ಮೆ ಹೇಳಿ ಮುಂದೆ ಹೋಗಬೇಕಿತ್ತು. ಇಲ್ಲಿ ತಡ ಆ ಕಡೆಯದು. ಮಾಡದ ತಪ್ಪಿಗೆ ಕ್ಷಮೆ ಕೇಳಿದರೆ ಗಿರಾಕಿ ಊಟದ ವಿಷಯ ಬಿಟ್ಟು ‘ಅಯ್ಯೋ, ಪರವಾಗಿಲ್ಲ ಬಿಡಿ’ ಎಂದು ಸಮಾಧಾನ ಹೇಳಿ ಮುಗಿಸುತ್ತಾರೆ. ಉತ್ತರ ಬಂತು, ಆರ್ಡರ್ ಬರಲಿಲ್ಲ.

15ರ ಬೆಳಗ್ಗೆಯವರೆಗೂ ಉತ್ತರ ಬಾರದಿದ್ದರೆ ಮೂರನೆಯ ಸಂದೇಶ ಬರೆಯಬೇಡಿ ಎಂದಿದ್ದೇನೆ. ಅಂದು ಶನಿವಾರ, ಮನೆಯಲ್ಲಿರುತ್ತಾರೆ. ಫೋನ್ ಮಾಡಿ ಸಂದೇಶದ ಮೊದಲ ಪ್ರಶ್ನೆಯನ್ನೇ ಕೇಳಬೇಕು, ಆಮೇಲೆ ಅಮ್ಮನ ಆರೋಗ್ಯ ವಿಚಾರಿಸಬೇಕು.