ಒಬ್ಬ ಗಿರಾಕಿಗೆ ಇನ್ನೂರೋ, ಆರುನೂರೋ?

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವವರೆಲ್ಲ ಆಡ್ಸ್ ಮ್ಯಾನೇಜರಿನಲ್ಲಿ ಮೊದಲು ಕಣ್ಣು ಹಾಯಿಸುವುದು ‘Cost per result’ ಎಂಬ ಕಾಲಂ ಮೇಲೆ. ಖರ್ಚಾದ ಹಣವನ್ನು ಬಂದ ಖರೀದಿಗಳಿಂದ ಭಾಗಿಸಿ ಮೆಟಾ ಕಂಪನಿ ಅಲ್ಲಿ ಒಂದು ಅಂಕಿ ಕೊಡುತ್ತದೆ. ‘ಒಬ್ಬ ಗಿರಾಕಿಗೆ ಇನ್ನೂರು ರೂಪಾಯಿ ಬೀಳ್ತಿದೆ’ ಎಂದು ಸಣ್ಣ ಅಂಗಡಿಯವರು ಹೇಳುವುದು ಈ ಅಂಕಿಯನ್ನು ನೋಡಿಯೇ. ಲೆಕ್ಕ ಹಾಕುವ ಈ ರೂಢಿ ಎಷ್ಟು ಸರಿ ಎಂದು ಪರೀಕ್ಷಿಸಬೇಕಾಗಿದೆ, ಏಕೆಂದರೆ ಮುಂದಿನ ತಿಂಗಳು ಜಾಹೀರಾತಿಗೆ ಎಷ್ಟು ಸುರಿಯಬೇಕೆಂಬ ತೀರ್ಮಾನ ನಿಂತಿರುವುದು ಇದರ ಮೇಲೆ. ನನ್ನ ಅಭಿಪ್ರಾಯದಲ್ಲಿ ಆ ಅಂಕಿ ಸುಳ್ಳಲ್ಲ, ಆದರೆ ಅದು ಗಿರಾಕಿಯ ಬೆಲೆಯೂ ಅಲ್ಲ.

ಲೆಕ್ಕಕ್ಕಾಗಿ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಚಿಕ್ಕದೊಂದು ಮಳಿಗೆ, ಜೊತೆಗೆ ಒಂದು ವೆಬ್‌ಸೈಟು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಸಾರಿನ ಪುಡಿ ಮಾರುತ್ತಾರೆ. ಕೊರಿಯರ್ ಹೋಗುವುದು ಕರ್ನಾಟಕದೊಳಗೆ ಮಾತ್ರ. ವಹಿವಾಟು ಚಿಕ್ಕದಾದ್ದರಿಂದ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ತಿಂಗಳಿಗೆ 12,000 ರೂಪಾಯಿ ಜಾಹೀರಾತು. ತಿಂಗಳ ಕೊನೆಗೆ ಪರದೆ 60 ಖರೀದಿ ತೋರಿಸುತ್ತದೆ, ಅಂದರೆ ತಲೆಗೆ 200 ರೂಪಾಯಿ. ಸರಾಸರಿ 600 ರೂಪಾಯಿಯ ಒಂದು ಆರ್ಡರಿನಲ್ಲಿ ಮಿಡಿ, ಮಸಾಲೆ, ಜಾಡಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಉಳಿಯುವುದು 180 ರೂಪಾಯಿ ಎಂದಿಟ್ಟುಕೊಳ್ಳಿ. ಪರದೆಯ ಲೆಕ್ಕ ನಂಬಿದರೆ ಮೊದಲ ಆರ್ಡರಿನಲ್ಲಿ ನಷ್ಟ ಬರೀ 20 ರೂಪಾಯಿ, ಎರಡನೆಯದರಿಂದ ಲಾಭ. ಜಾಹೀರಾತಿನ ಹಣ ಹೆಚ್ಚಿಸಲು ಯಾರಿಗಾದರೂ ಧೈರ್ಯ ಬರುತ್ತದೆ.

ಈಗ ಅದೇ ತಿಂಗಳ ಆರ್ಡರ್ ಪುಸ್ತಕ ತೆಗೆದು ಆ 60ನ್ನು ಒಂದೊಂದಾಗಿ ಹೊಂದಿಸಿ ನೋಡೋಣ. ವೆಬ್‌ಸೈಟಿನ ‘ಧನ್ಯವಾದ’ ಪುಟ ತೆರೆದುಕೊಂಡಾಗ ಅದರಲ್ಲಿ ಕೂರಿಸಿದ ಪಿಕ್ಸೆಲ್ ಎಂಬ ತುಣುಕು ಮೆಟಾಕ್ಕೆ ‘ಖರೀದಿ ಆಯಿತು’ ಎಂಬ ಸುದ್ದಿ ಮುಟ್ಟಿಸುತ್ತದೆ. ಕೊಂಡವರು ಅದೇ ಪುಟವನ್ನು ಮತ್ತೆ ತೆರೆದರೆ, ಜೋಡಣೆ ಸರಿಯಿಲ್ಲದ ಕಡೆ ಒಂದೇ ಖರೀದಿ ಎರಡಾಗುತ್ತದೆ. ನಮ್ಮ ಅಂಗಡಿಯಲ್ಲಿ ಅಂಥವು ಮೂರು. ಉಳಿದ 57ರಲ್ಲಿ ಎರಡನ್ನು ಗಿರಾಕಿಗಳೇ ರದ್ದು ಮಾಡಿದರು. ಒಂಬತ್ತು ಪಾರ್ಸೆಲ್ಲು ಕ್ಯಾಶ್ ಆನ್ ಡೆಲಿವರಿಯವು. ಬಾಗಿಲಿಗೆ ಹೋದಾಗ ಫೋನ್ ಎತ್ತಲಿಲ್ಲ, ಅಥವಾ ‘ಬೇಡ’ ಎಂದರು, ಪಾರ್ಸೆಲ್ಲು ದುರ್ಗಿಗುಡಿಗೇ ವಾಪಸ್ ಬಂತು. ಪಿಕ್ಸೆಲ್ಲು ಎಣಿಸುವುದು ಆರ್ಡರ್ ಒತ್ತಿದ ಕ್ಷಣವನ್ನು. ಹಣ ಕೈಸೇರಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಹಾಗಾಗಿ ವಾಪಸ್ ಬಂದ ಒಂಬತ್ತೂ ಪರದೆಯಲ್ಲಿ ಖರೀದಿಗಳಾಗಿಯೇ ಉಳಿದವು. ಇಷ್ಟು ಕಳೆದ ಮೇಲೆ ನಿಜವಾಗಿ ಮನೆ ಸೇರಿದ್ದು 46.

ಆ 46ರಲ್ಲಿ 14 ಮಂದಿಯ ಫೋನ್ ನಂಬರು ಹಳೆಯ ಪುಟಗಳಲ್ಲಿ ಸಿಗುತ್ತದೆ. ಅವರು ಕಳೆದ ವರ್ಷದ ಗಿರಾಕಿಗಳು. ಹಳಬರು ಯಾರೆಂದು ನಾವೇ ಗೊತ್ತುಮಾಡಿ ಕೊಡದ ಹೊರತು ಮೆಟಾ ಹೊಸಬರನ್ನೂ ಹಳಬರನ್ನೂ ಬೇರ್ಪಡಿಸಿ ನೋಡುವುದಿಲ್ಲ. ಕೊಳ್ಳುವ ಸಂಭವ ಹೆಚ್ಚಿರುವವರನ್ನು ಹುಡುಕುವುದು ಅದರ ಕೆಲಸ, ಮತ್ತು ಅಂಥ ಸಂಭವ ಎಲ್ಲರಿಗಿಂತ ಹೆಚ್ಚಿರುವುದು ಈಗಾಗಲೇ ರುಚಿ ನೋಡಿದವರಲ್ಲಿ. ಹೀಗಾಗಿ ತಾನಾಗಿಯೇ ಬರುವ ಗಿರಾಕಿಯನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಕರೆತಂದಂತಾಗುತ್ತದೆ. ಹೊಸಬರು ಉಳಿದದ್ದು 32.

ಖರ್ಚಿನ ಕಡೆಯೂ 12,000 ಪೂರ್ತಿಯಲ್ಲ. ಜಾಹೀರಾತಿನ ಬಿಲ್ಲಿಗೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇದ್ದು ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಅದನ್ನು ಹೂಡುವಳಿ ತೆರಿಗೆಯಾಗಿ ವಾಪಸ್ ಪಡೆಯಬಹುದು. ನೋಂದಣಿ ಇಲ್ಲದ ನಮ್ಮ ಅಂಗಡಿಗೆ ಆ 2,160 ರೂಪಾಯಿ ಅಪ್ಪಟ ಖರ್ಚು. ರೀಲ್ ಚಿತ್ರೀಕರಿಸಿ ಕೊಟ್ಟ ಹುಡುಗನಿಗೆ 2,000. ವಾಪಸ್ ಬಂದ ಒಂಬತ್ತು ಪಾರ್ಸೆಲ್ಲುಗಳ ಹೋಗಿಬರುವ ಕೊರಿಯರ್ ಬಾಡಿಗೆ ತಲಾ 130ರಂತೆ 1,170. ಹೊಸಬರಿಗೆಂದು ಕೊಟ್ಟ 50 ರೂಪಾಯಿಯ ಕೂಪನ್ 32 ಮಂದಿಗೆ 1,600. ಕೂಪನ್ನನ್ನು ಲಾಭದಲ್ಲಿ ಕಳೆಯಬೇಕೋ, ಗಿರಾಕಿ ಗಳಿಕೆಯ ಖರ್ಚಿಗೆ ಸೇರಿಸಬೇಕೋ ಎಂಬ ಚರ್ಚೆ ಇದೆ. ಎಲ್ಲಿ ಬೇಕಾದರೂ ಇಡಿ, ಎರಡೂ ಕಡೆ ಇಡಬೇಡಿ, ಎರಡೂ ಕಡೆ ಬಿಡಲೂ ಬೇಡಿ. ಮೇಲಿನ 180 ಕೂಪನ್ ಕಳೆಯುವ ಮುಂಚಿನದು, ಆದ್ದರಿಂದ ಇಲ್ಲಿ ಸೇರಿಸಿದ್ದೇನೆ. ಒಟ್ಟು 18,930. ಅದನ್ನು 32ರಿಂದ ಭಾಗಿಸಿದರೆ ಒಬ್ಬ ಹೊಸ ಗಿರಾಕಿಗೆ ಸುಮಾರು 592 ರೂಪಾಯಿ. ಪರದೆಯ ಅಂಕಿಯ ಹತ್ತಿರ ಹತ್ತಿರ ಮೂರು ಪಟ್ಟು.

ಜಾಹೀರಾತನ್ನು ಹೀಗೆ ತೂಗಿ ನೋಡುವುದು ಹೊಸದಲ್ಲ. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕ ಬರೆದು, ಪ್ರತಿ ಜಾಹೀರಾತಿನಿಂದ ಬಂದ ಗಿರಾಕಿಗೆ ಎಷ್ಟು ತಗಲಿತೆಂದು ಲೆಕ್ಕವಿಡದೆ ಹಣ ಹಾಕಬಾರದು ಎಂದು ವಾದಿಸಿದ. ಪತ್ರಿಕೆಯ ಜಾಹೀರಾತಿನೊಂದಿಗೆ ಗುರುತಿನ ಸಂಖ್ಯೆಯಿದ್ದ ಕೂಪನ್ ಅಚ್ಚಾಗುತ್ತಿತ್ತು, ಓದುಗರು ಅದನ್ನು ಕತ್ತರಿಸಿ ಕಳಿಸುತ್ತಿದ್ದರು. ಕೂಪನ್ ಬಂದು ಬೀಳುತ್ತಿದ್ದುದು ಮಾರುವವನ ಮೇಜಿನ ಮೇಲೆ, ಎಣಿಸುತ್ತಿದ್ದವನೂ ಅವನೇ. ಇಂದು ಜಾಹೀರಾತಿನ ಜಾಗ ಮಾರುವವರೇ ಅದರ ಫಲವನ್ನೂ ಎಣಿಸಿ ಕೊಡುತ್ತಿದ್ದಾರೆ. ಈ ರೂಢಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಮೆಟಾದ ಸಾಮಾನ್ಯ ನಿಯಮ ನೋಡಿ: ಜಾಹೀರಾತನ್ನು ಒತ್ತಿದವರು 7 ದಿನದೊಳಗೆ ಕೊಂಡರೂ, ಒತ್ತದೆ ಬರೀ ಕಣ್ಣ ಮುಂದೆ ಹಾಯ್ದುಹೋದದ್ದನ್ನು ನೋಡಿ 1 ದಿನದೊಳಗೆ ಕೊಂಡರೂ ಅದು ಜಾಹೀರಾತಿನ ಖಾತೆಗೆ ಸೇರುತ್ತದೆ. ಭದ್ರಾವತಿಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರೊಬ್ಬರಿಗೆ ‘ದುರ್ಗಿಗುಡಿ ಮಿಡಿ ಚೆನ್ನಾಗಿದೆ, ತರಿಸ್ಕೋ’ ಎಂದು ಅತ್ತಿಗೆ ಹೇಳಿರುತ್ತಾರೆ. ಅದೇ ಸಂಜೆ ಬೆರಳ ಕೆಳಗೆ ಜಾಹೀರಾತೊಂದು ಸರಿದುಹೋಗುತ್ತದೆ. ಮರುದಿನ ಬೆಳಿಗ್ಗೆ ಅವರು ಆರ್ಡರ್ ಮಾಡಿದರೆ ಶ್ರೇಯಸ್ಸು ಅತ್ತಿಗೆಗೆ ಸಿಗುವುದಿಲ್ಲ.

ಆದ್ದರಿಂದ ಮೊದಲ ಸಲ ಕೊಂಡವರಿಗೆ ಫೋನ್ ಮಾಡಿ ‘ನಮ್ಮ ವಿಷಯ ಹೇಗೆ ಗೊತ್ತಾಯ್ತು?’ ಎಂದು ಕೇಳಿ ಬರೆದಿಡುವುದು ಒಳ್ಳೆಯದು. 32ರಲ್ಲಿ ಎಂಟು ಮಂದಿ ಸಂಬಂಧಿಕರ, ಗೆಳೆಯರ ಹೆಸರು ಹೇಳಿದರೆನ್ನಿ. ಅವರನ್ನು ಬಿಟ್ಟರೆ 24, ತಲೆಗೆ ಸುಮಾರು 789 ರೂಪಾಯಿ. ಕೇಳಿದ್ದಕ್ಕೆ ಜನ ಕೊಡುವ ಉತ್ತರ ಕರಾರುವಾಕ್ಕಲ್ಲ, ಜಾಹೀರಾತು ನೋಡಿದ ಮೇಲೆಯೇ ಅತ್ತಿಗೆಯ ಮಾತು ನೆನಪಾಗಿರಬಹುದು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜಾಹೀರಾತು ನೋಡಿದ ಭದ್ರಾವತಿಯವರು ಶಿವಮೊಗ್ಗಕ್ಕೆ ಬಂದಾಗ ನೇರವಾಗಿ ಅಂಗಡಿಗೆ ನುಗ್ಗಿ, ಕೌಂಟರಿನಲ್ಲಿ ಯುಪಿಐ ಮಾಡಿ ಜಾಡಿ ಒಯ್ಯುತ್ತಾರೆ. ಇದು ಯಾವ ಪಿಕ್ಸೆಲ್ಲಿಗೂ ಕಾಣುವುದಿಲ್ಲ. ಇಂಥ ಹೊಸಬರು ತಿಂಗಳಿಗೆ ಐದೇ ಮಂದಿ ಇದ್ದರೂ 592 ಇದ್ದದ್ದು 512ಕ್ಕೆ ಇಳಿಯುತ್ತದೆ. ವಾಟ್ಸಾಪಿಗೆ ಕರೆದೊಯ್ಯುವ ಜಾಹೀರಾತು ಹಾಕುವವರಿಗಂತೂ ಪರದೆ ಸಾಮಾನ್ಯವಾಗಿ ಕೊಡುವುದು ಶುರುವಾದ ಮಾತುಕತೆಗಳ ಎಣಿಕೆ ಮಾತ್ರ. ‘ರೇಟ್ ಎಷ್ಟು?’ ಎಂದು ಕೇಳಿ ಮಾಯವಾದವರೂ, ಆರು ಜಾಡಿ ತರಿಸಿದವರೂ ಅದರಲ್ಲಿ ಸಮಾನ. ಎರಡೂ ಸಂದರ್ಭಗಳಲ್ಲಿ ದಿಕ್ಕು ತೋರುವುದು ಅಂಗಡಿಯ ಪುಸ್ತಕವೇ.

ಜಾಹೀರಾತಿಲ್ಲದಿದ್ದರೆ ಎಷ್ಟು ಮಂದಿ ಬರುತ್ತಿದ್ದರು? ಇದಕ್ಕೆ ಖಚಿತ ಉತ್ತರ ಬೇಕಾದರೆ ಒಂದೂರಲ್ಲಿ ಹಾಕಿ, ಇನ್ನೊಂದೂರಲ್ಲಿ ಬಿಟ್ಟು ಹೋಲಿಸಬೇಕು. ಶಿವಮೊಗ್ಗದಲ್ಲಿ ಹಾಕಿ ಭದ್ರಾವತಿಯಲ್ಲಿ ಬಿಡೋಣ ಎಂದು ಮೊದಲಿಗೆ ಅನಿಸುತ್ತದೆ. ಆದರೆ ಈ ಜೋಡಿ ಅದಕ್ಕೆ ಒಗ್ಗುವುದಿಲ್ಲ. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರು. ಮೆಟಾದಲ್ಲಿ ಊರಿನ ಸುತ್ತ ತ್ರಿಜ್ಯ ಆರಿಸಿಕೊಂಡರೆ ಅದು ಕನಿಷ್ಠ 17 ಕಿಲೋಮೀಟರು ಹರಡುತ್ತದೆ. ಭದ್ರಾವತಿಯನ್ನು ಬೇರೆಯಾಗಿ ಹೊರಗಿಟ್ಟರೂ, ಜಾಹೀರಾತು ಶಿವಮೊಗ್ಗದಲ್ಲಿ ‘ವಾಸಿಸುವವರು ಅಥವಾ ಇತ್ತೀಚೆಗೆ ಇದ್ದವರು’ ಎಂಬ ಲೆಕ್ಕದಲ್ಲಿ ತಲುಪುವುದರಿಂದ, ಕೆಲಸಕ್ಕೂ ಕಾಲೇಜಿಗೂ ದಿನಾ ಓಡಾಡುವವರು ಎರಡೂ ಕಡೆ ಸೇರಿಬಿಡುತ್ತಾರೆ. ದಾವಣಗೆರೆ ಮತ್ತು ಹಾಸನದಂಥ ದೂರದ ಜೋಡಿ ವಾಸಿ. ಅಥವಾ ಒಂದು ತಿಂಗಳು ಹಾಕಿ, ಒಂದು ತಿಂಗಳು ನಿಲ್ಲಿಸಿ ನೋಡಬಹುದು, ಮಿಡಿಯ ಕಾಲ ಮತ್ತು ಗೌರಿ–ಗಣೇಶ ಹಬ್ಬ ಅದರಲ್ಲಿ ಬರದಂತೆ. ಹಾಗೆ ಮಾಡಿದರೂ ಒಂದೇ ಸಲಕ್ಕೆ ನಂಬುವಂತಿಲ್ಲ. ತಿಂಗಳಿಗೆ 32 ಹೊಸಬರು ಬರುವ ಕಡೆ, ಏನೂ ಬದಲಿಸದಿದ್ದರೂ ಐದಾರು ಮಂದಿ ಹೆಚ್ಚುಕಡಿಮೆ ಆಗುವುದು ಸಹಜ. ಆ ಏರಿಳಿತವನ್ನು ಮೀರಿದ ವ್ಯತ್ಯಾಸ ಎರಡು ಮೂರು ಸುತ್ತುಗಳಲ್ಲಿ ಮತ್ತೆ ಮತ್ತೆ ಕಂಡರೆ ಮಾತ್ರ ಅದಕ್ಕೆ ಬೆಲೆ.

ಹೀಗೆ ಬಂದ 592 ಅಥವಾ 789 ದುಬಾರಿಯೇ ಎಂಬುದನ್ನು ಮಾರುವ ಸರಕು ನಿರ್ಧರಿಸುತ್ತದೆ. ಆರ್ಡರಿಗೆ 180 ಉಳಿಯುವ ಅಂಗಡಿಯಲ್ಲಿ 592 ತೀರುವುದು ನಾಲ್ಕನೆಯ ಆರ್ಡರಿಗೆ, 789 ತೀರುವುದು ಐದನೆಯದಕ್ಕೆ. ಅಪ್ಪೆಮಿಡಿಯನ್ನು ಊಟಕ್ಕೊಂದರಂತೆ ಬಡಿಸುತ್ತಾರೆ, ಒಂದು ಜಾಡಿ ತಿಂಗಳುಗಟ್ಟಲೆ ಬರುತ್ತದೆ. ಬರೀ ಮಿಡಿ ಕೊಳ್ಳುವ ಮನೆಯಿಂದ ಐದು ಆರ್ಡರ್ ಬರುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ, ಅಷ್ಟು ದಿನ ಆ ಹಣ ಅಂಗಡಿಗೆ ಸಿಗುವುದಿಲ್ಲ. ಸಾರಿನ ಪುಡಿ ಬೇಗ ಮುಗಿಯುತ್ತದೆ. ಜಾಹೀರಾತಿನಲ್ಲಿ ಮಿಡಿಯೊಂದಿಗೆ ಅದನ್ನೂ ಮುಂದಿಟ್ಟರೆ ಅದೇ ಖರ್ಚು ಬೇಗ ವಾಪಸಾಗಬಹುದು.

ಎಲ್ಲಕ್ಕಿಂತ ಹೆಚ್ಚು ಕೈ ಸುಡುವುದು ಹಣ ಹೆಚ್ಚಿಸುವಾಗ. ಮುಂದಿನ ತಿಂಗಳು 12,000ದ ಬದಲು 24,000 ಹಾಕಿ, ಹೊಸಬರು 32ರಿಂದ 46 ಆದರೆನ್ನಿ. ವಾಪಸಾತಿ ಹೆಚ್ಚಲಿಲ್ಲ ಎಂದುಕೊಂಡರೂ ಒಟ್ಟು ಖರ್ಚು 33,790 ಆಗುತ್ತದೆ, ಸರಾಸರಿ 735. ಸ್ವಲ್ಪ ಏರಿದೆ, ಪರವಾಗಿಲ್ಲ ಅನಿಸುತ್ತದೆ. ಆದರೆ ಹೆಚ್ಚುವರಿಯಾಗಿ ಹೋದ 14,860 ರೂಪಾಯಿಗೆ ಬಂದವರು ಹದಿನಾಲ್ಕೇ ಮಂದಿ, ತಲೆಗೆ 1,061. ಸುಲಭವಾಗಿ ಒಲಿಯುವವರು ಮೊದಲ 12,000ದಲ್ಲೇ ಬಂದಾಗಿರುತ್ತದೆ, ಆಮೇಲಿನವರನ್ನು ಹುಡುಕಲು ಹೆಚ್ಚು ತೆರಬೇಕು. ಹೆಚ್ಚಿಸಬೇಕೇ ಎಂಬ ಪ್ರಶ್ನೆಯ ಮುಂದೆ ನೋಡಬೇಕಾದ ಅಂಕಿ ಈ 1,061, ಮತ್ತು ಅದು ತೀರಲು ಆರು ಆರ್ಡರ್ ಬೇಕು. ಈ ಅಂಗಡಿಗೆ ನಾನಾದರೆ 12,000ಕ್ಕೇ ನಿಲ್ಲಿಸಿ, ಹಳೆಯ ಗಿರಾಕಿಗಳ ನಂಬರುಗಳನ್ನು ಮೆಟಾಕ್ಕೆ ಕೊಟ್ಟು ಅವರಿಗೆ ಈ ಜಾಹೀರಾತು ಹೋಗದಂತೆ ಮಾಡಿ, ಕ್ಯಾಶ್ ಆನ್ ಡೆಲಿವರಿ ಆರ್ಡರಿಗೆ ಪಾರ್ಸೆಲ್ಲು ಕಟ್ಟುವ ಮುಂಚೆ ಒಂದು ಫೋನ್ ಮಾಡಲು ಹೇಳುತ್ತೇನೆ. ಹಳಬರಿಗೆ ಮಿಡಿ ಬಂದಾಗ ವಾಟ್ಸಾಪಿನಲ್ಲಿ ಒಂದು ಸಾಲು ಬರೆದರೆ ಸಾಕು.