ಕಳಶವೋ ಗುಮ್ಮಟವೋ: ಆಂಗ್ಲ ಉಡುಗೆಯಲ್ಲಿ ಒಂದು ವಚನ

ನಮ್ಮ ಅಮೀನಗಡದಂತೆಯೇ ಹುನಗುಂದ ಸೀಮೆಗೆ ಸೇರಿದ ಕೂಡಲಸಂಗಮದಲ್ಲಿ ಕೃಷ್ಣೆಯೂ ಮಲಪ್ರಭೆಯೂ ಸೇರುತ್ತವೆ. ಆ ಸಂಗಮದ ದೇವರ ಹೆಸರೇ ಬಸವಣ್ಣನವರ ಅಂಕಿತ. ಎ.ಕೆ. ರಾಮಾನುಜನ್ ಅವರು ೧೯೭೩ರ 'ಸ್ಪೀಕಿಂಗ್ ಆಫ್ ಶಿವ' ಎಂಬ ಕೃತಿಯಲ್ಲಿ ಅದನ್ನು 'ಕೂಡುವ ನದಿಗಳ ಒಡೆಯ' ಎಂಬ ಅರ್ಥ ಬರುವಂತೆ ಆಂಗ್ಲಕ್ಕೆ ತಂದರು. ಉಳ್ಳವರು ಶಿವಾಲಯ ಕಟ್ಟಿಸುತ್ತಾರೆ, ಬಡವನಿಗೆ ಅವನ ದೇಹವೇ ದೇಗುಲ ಎಂದು ಸಾರುವ ಪ್ರಸಿದ್ಧ ವಚನ ಅಲ್ಲಿ ಯಾವ ರೂಪ ತಾಳಿದೆ ಎಂಬುದನ್ನು ಪರಿಶೀಲಿಸೋಣ.

ಮೂಲದಲ್ಲಿ ಉಳ್ಳವರ ಕಟ್ಟುವಿಕೆಗೂ ಬಡವನ ಪ್ರಶ್ನೆಗೂ 'ಮಾಡು' ಎಂಬ ಒಂದೇ ಕ್ರಿಯಾಪದವಿದೆ. ಆಂಗ್ಲದಲ್ಲಿ ಅದು ನಿರ್ಮಿಸುವ 'ಮೇಕ್', ಕಾರ್ಯವೆಸಗುವ 'ಡೂ' ಎಂದು ಎರಡಾಗಿ ಒಡೆಯಿತು. ಪ್ರಶ್ನೆಯ ಚುಚ್ಚು ತುಸು ಮೊಂಡಾಯಿತು. ಮುಂದೆ ಕಾಲು ಕಂಬ, ದೇಹ ದೇಗುಲ, ಶಿರ ಹೊನ್ನಿನ ಕಳಶ ಎಂಬ ಸಮೀಕರಣಗಳಿಗೆ ಕನ್ನಡದಲ್ಲಿ ಕ್ರಿಯಾಪದವೇ ಬೇಕಿಲ್ಲ. ಅನುವಾದಕರು ಮೊದಲನೆಯದಕ್ಕೆ ಮಾತ್ರ 'ಆರ್' ಎಂಬುದನ್ನಿತ್ತು ಉಳಿದೆರಡರಲ್ಲಿ ಅದನ್ನು ಬಿಟ್ಟರು, ಸಾಲುಗಳನ್ನು ಗಿಡ್ಡಗೊಳಿಸಿದರು. ಆಡುಮಾತಿನ ಬಿಗಿ ಹೀಗೆ ಉಳಿಯಿತು. ಇದು ಅವರ ನಿಜವಾದ ಗೆಲುವು.

ಆದರೆ ಕಳಶವು 'ಕ್ಯುಪೋಲಾ' ಆದದ್ದನ್ನು ನಾವು ಒಪ್ಪಲಾರೆವು. ಕಳಶವೆಂಬುದು ಶಿಖರದ ತುದಿಯ ಪುಟ್ಟ ಕುಂಭ. ಅದನ್ನೇರಿಸಿದಾಗಲೇ ಗುಡಿ ಪೂರ್ಣ. ಕ್ಯುಪೋಲಾ ಎಂದರೆ ಗುಮ್ಮಟ. ಆ ಪದವನ್ನು ಕನ್ನಡಕ್ಕೆ ಮರಳಿಸಿದರೆ ನಮ್ಮ ಭಾಗದವರಿಗೆ ವಿಜಯಪುರದ ಗೋಳಗುಮ್ಮಟ ನೆನಪಾದೀತು, ಪಾಶ್ಚಾತ್ಯ ಓದುಗನಿಗೆ ಚರ್ಚಿನ ಮಾಡು. ಹೀಗೆ ಮರಳಿ ಅನುವಾದಿಸಿ ನೋಡುವುದೇ ಪ್ರತಿಮೆ ಎಲ್ಲಿ ಜಾರಿತೆಂದು ತಿಳಿಯುವ ಸುಲಭ ಪರೀಕ್ಷೆ.

ಕೊನೆಯ ಸ್ಥಾವರ–ಜಂಗಮಗಳ ಜೋಡಿ ಇನ್ನೂ ಕಠಿಣ. ನಿಲ್ಲುವುದು, ಚಲಿಸುವುದು ಎಂಬ ಆಂಗ್ಲ ಪದಗಳು ಎದುರುಬದುರಿನ ಲಯವನ್ನು ಕಾಯುತ್ತವೆ. ಆದರೆ ಜಂಗಮನೆಂದರೆ ಮನೆಬಾಗಿಲಿಗೆ ಬರುವ, ಊರೂರು ಸಂಚರಿಸುವ ಶರಣನೂ ಹೌದು. ಅವನು ಸಾಲಿನಿಂದ ಮರೆಯಾದನು. ಅವನನ್ನು 'ಅಲೆಯುವ ಸಂನ್ಯಾಸಿ' ಎಂದು ತಂದರೆ ಲಯ ಮುರಿಯುತ್ತದೆ. ರಾಮಾನುಜನ್ ಅವರು ಲಯವನ್ನು ಕವಿತೆಗೂ ಅರ್ಥದ ಎರಡನೆಯ ಪದರವನ್ನು ಪ್ರಸ್ತಾವನೆಗೂ ಹಂಚಿದರು. ಆದುದರಿಂದ ಪ್ರಸ್ತಾವನೆಯನ್ನು ಬಿಟ್ಟು ಕವಿತೆಯನ್ನಷ್ಟೇ ಉದ್ಧರಿಸುವುದು ಅನ್ಯಾಯ.

ಈ ಎಚ್ಚರ ಬೋಧಕರಾದ ನಮಗೇ ಹೆಚ್ಚು ಬೇಕು. ದೇಹವೇ ದೇಗುಲವೆಂದು ಆಂಗ್ಲದಲ್ಲಿ ಓದಿದೊಡನೆ ನಮ್ಮ ಕಿವಿ ಸಂತ ಪೌಲರ ಕಡೆ ತಿರುಗುತ್ತದೆ (೧ ಕೊರಿಂಥ ೬:೧೯). ಅಪೊಸ್ತಲರು ಅಲ್ಲಿ ಹೇಳುವುದು ಪವಿತ್ರಾತ್ಮರು ವಾಸಿಸುವ, ಕ್ರಯಕ್ಕೆ ಕೊಳ್ಳಲ್ಪಟ್ಟ ದೇಹವನ್ನು ಕುರಿತು. ಬಸವಣ್ಣನವರು ಹೇಳುವುದು ಹಣವುಳ್ಳವರ ಕಟ್ಟಡದೆದುರು ಬಡವ ನಿಲ್ಲಿಸುವ ದೇಹವನ್ನು. ಪದ ಒಂದೇ ಆದ ಮಾತ್ರಕ್ಕೆ ಎರಡನ್ನೂ ಒಂದೇ ಪ್ರಬೋಧನೆಯಲ್ಲಿ ಕಲಸಿದರೆ, ಬಡವನ ಆ ಪ್ರಶ್ನೆ ನಮ್ಮ ಕಟ್ಟಡಗಳನ್ನು ಮುಟ್ಟದೆಯೇ ಹೋಗುತ್ತದೆ.