ಹೆಸರು ನಮ್ಮದು, ವಿಳಾಸ ಯಾರದು?

ಫೈಬರ್ ಹಾಕಿಸಿಕೊಂಡ ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ರೌಟರ್ ಮತ್ತೆ ಲಾಗಿನ್ ಆಗುತ್ತದೆ. ಆಗ ಕಂಪನಿ ಅದಕ್ಕೆ ಬೇರೆಯೇ ಐಪಿ ವಿಳಾಸ ಕೊಡುವುದು ಸಾಮಾನ್ಯ. ಮನೆಯೊಳಗೆ ಕೂತು ವಿಡಿಯೊ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕೆನ್ನುವವರಿಗೆ ಮಾತ್ರ ಬಾಗಿಲೇ ಕಾಣೆಯಾಗುತ್ತದೆ. ಇದಕ್ಕೆ ಇರುವ ಉಪಾಯ ಡೈನಾಮಿಕ್ ಡಿಎನ್ಎಸ್. ಬದಲಾಗದ ಒಂದು ಹೆಸರು ಇಟ್ಟುಕೊಳ್ಳುವುದು, ವಿಳಾಸ ಬದಲಾದಾಗಲೆಲ್ಲ ಆ ಹೆಸರಿನ ಮುಂದಿನ ನಮೂದನ್ನು ತಿದ್ದಿಸುವುದು. ಇಷ್ಟೇ ಅದರ ಕೆಲಸ.

ಗಜೇಂದ್ರಗಡದ ನೇಕಾರರ ಮನೆಯೊಂದರಲ್ಲಿ ಇದನ್ನು ಕೂಡಿಸಿದ್ದರು. ಮಗನಿಗೆ ನರಗುಂದದಲ್ಲಿ ನೌಕರಿ. ಮಗ್ಗದ ಕೋಣೆಯ ಕ್ಯಾಮೆರಾವನ್ನು ಅಲ್ಲಿಂದಲೇ ನೋಡಬೇಕೆಂಬ ಆಸೆ. ಡಕ್‌ಡಿಎನ್ಎಸ್ ಎಂಬ ಉಚಿತ ಸೇವೆಯಲ್ಲಿ ಹೆಸರು ಪಡೆದು, ಮನೆಯಲ್ಲಿ ಸದಾ ಚಾಲೂ ಇರುವ ಪುಟ್ಟ ಲಿನಕ್ಸ್ ಯಂತ್ರದ ಕ್ರಾನ್‌ನಲ್ಲಿ ಈ ಸಾಲು ಹಾಕಿದ್ದ:

```
*/5 * * * * curl -s "https://www.duckdns.org/update?domains=HESARU&token=TOKEN&ip=" -o ~/duck.log
```

ಐದು ನಿಮಿಷಕ್ಕೊಮ್ಮೆ ಹೋಗುವ ವಿನಂತಿ ಇದು. ಕೊನೆಯ `ip=` ಖಾಲಿ ಇರುವುದರಿಂದ, ವಿನಂತಿ ಯಾವ ವಿಳಾಸದಿಂದ ಬಂತೋ ಅದನ್ನೇ ಸರ್ವರ್ ಹೆಸರಿಗೆ ಜೋಡಿಸುತ್ತದೆ. ಲಾಗ್ ಫೈಲಿನಲ್ಲಿ `OK` ಬಂದಿತ್ತು. ಆದರೂ, “ಕಾಕಾ, ಎಲ್ಲಾ ಓಕೆ ಅಂತೈತಿ, ಕ್ಯಾಮೆರಾ ಮಾತ್ರ ಕಾಣವಲ್ದು” ಅಂತ ಅವನ ಫೋನು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ರೌಟರಿನ ಸ್ಟೇಟಸ್ ಪುಟದ ವ್ಯಾನ್ ಐಪಿ. ಅದನ್ನು ಹೆಸರು ಈಗ ತೋರಿಸುತ್ತಿರುವ ವಿಳಾಸದ ಪಕ್ಕ ಇಟ್ಟು ನೋಡಬೇಕು:

```
nslookup HESARU.duckdns.org
```

ಎರಡೂ ಒಂದೇ ಆಗಿದ್ದರೆ ದಾರಿ ಸರಿಯಿದೆ, ತಪ್ಪು ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹುಡುಕಬೇಕು. ಇವನ ರೌಟರಿನಲ್ಲಿ ಇದ್ದದ್ದು 100.72ರಿಂದ ಶುರುವಾಗುವ ವಿಳಾಸ, ಹೆಸರಿನ ಮುಂದೆ ಇದ್ದದ್ದು ಬೇರೆಯೇ. ರೋಗ ಗೊತ್ತಾದದ್ದು ಅಲ್ಲೇ.

ಐಪಿವಿ4 ವಿಳಾಸಗಳು ಮುಗಿಯುತ್ತ ಬಂದಾಗ, 2012ರಲ್ಲಿ 100.64.0.0ರಿಂದ 100.127.255.255ರ ತನಕದ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ಮೀಸಲಿಟ್ಟರು. ಕಂಪನಿ ಗ್ರಾಹಕರಿಗೆ ಇವನ್ನು ಹಂಚಿ, ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತದೆ. ಇದೇ ಸಿಜಿನ್ಯಾಟ್. ಡಕ್‌ಡಿಎನ್ಎಸ್‌ಗೆ ಕಾಣುವುದು ಆ ಹಂಚಿಕೆಯ ವಿಳಾಸ, ಬರೆದುಕೊಳ್ಳುವುದೂ ಅದನ್ನೇ. ಹೊರಗಿನಿಂದ ಅಲ್ಲಿಗೆ ಹೋದ ಕೋರಿಕೆ ಯಾವ ಮನೆಗೆ ಹೋಗಬೇಕೆಂಬುದು ಕಂಪನಿಯ ಯಂತ್ರಕ್ಕೇ ತಿಳಿಯದು, ಅಲ್ಲೇ ಬಿದ್ದುಹೋಗುತ್ತದೆ. `OK` ಅಂದರೆ ಹೆಸರು ತಿದ್ದಿದೆ ಎಂದಷ್ಟೇ ಅರ್ಥ, ಬಾಗಿಲು ತೆರೆದಿದೆ ಎಂದಲ್ಲ.

ವ್ಯಾನ್ ಐಪಿ 192.168ರಿಂದ ಶುರುವಾದರೆ ಕತೆ ಬೇರೆ. ಕಂಪನಿ ಕೊಟ್ಟ ಫೈಬರ್ ಡಬ್ಬಿಯ ಹಿಂದೆ ನಮ್ಮದೇ ಇನ್ನೊಂದು ರೌಟರ್ ಇದೆ ಎಂದು ಅದರ ಸೂಚನೆ. ಹಾಗಿದ್ದಾಗ ಮೊದಲಿನ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ ಮತ್ತೆ ಹೋಲಿಸಬೇಕು.

ಸಿಜಿನ್ಯಾಟ್ ಇದ್ದಲ್ಲಿ ನಾನು ಮೊದಲು ಹೇಳುವುದು ಕಂಪನಿಯವರಲ್ಲಿ ಸಾರ್ವಜನಿಕ ಐಪಿ ಕೇಳಿ ಎಂದು. ಕೆಲವರು ತಿಂಗಳಿಗೆ ಒಂದಿಷ್ಟು ಹೆಚ್ಚು ಹಣಕ್ಕೆ ಕೊಡುತ್ತಾರೆ. ಸ್ಥಿರವಾದದ್ದೇ ಬೇಕೆಂದಿಲ್ಲ, ಬದಲಾಗುವ ಸಾರ್ವಜನಿಕ ವಿಳಾಸ ಸಿಕ್ಕರೂ ಡೈನಾಮಿಕ್ ಡಿಎನ್ಎಸ್ ತನ್ನ ಕೆಲಸ ಮಾಡುತ್ತದೆ. ಕೊಡದಿದ್ದರೆ ಟೇಲ್‌ಸ್ಕೇಲ್‌ನಂಥದ್ದು ಸಾಕು. ಮನೆಯ ಯಂತ್ರವೇ ಒಳಗಿನಿಂದ ಹೊರಗೆ ಸಂಪರ್ಕ ಹಿಡಿದುಕೊಳ್ಳುವುದರಿಂದ ಈ ಹೆಸರಿನ ಗೋಜೇ ಬೇಡ. ಈ ಹುಡುಗನಿಗೆ ಸಾರ್ವಜನಿಕ ವಿಳಾಸ ಸಿಕ್ಕಿತು.

ವಿಳಾಸ ಸಿಕ್ಕಿತೆಂದು ಕ್ಯಾಮೆರಾ ರೆಕಾರ್ಡರಿನ ಪೋರ್ಟನ್ನೇ ಹೊರಗೆ ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ತೆರೆದ ಪೋರ್ಟು ಹುಡುಕುವ ಯಂತ್ರಗಳು ಹಗಲಿರುಳು ತಡಕುತ್ತಿರುತ್ತವೆ, ಅಗ್ಗದ ರೆಕಾರ್ಡರುಗಳ ಸಾಫ್ಟ್‌ವೇರ್ ಅದನ್ನು ತಾಳಿಕೊಳ್ಳುವಂಥದ್ದಲ್ಲ. ಅವನ ಲಿನಕ್ಸ್ ಯಂತ್ರದಲ್ಲಿ ವೈರ್‌ಗಾರ್ಡ್ ಕೂಡಿಸಿ, ಯುಡಿಪಿ 51820 ಪೋರ್ಟ್ ಒಂದನ್ನೇ ಅದಕ್ಕೆ ಫಾರ್ವರ್ಡ್ ಮಾಡಿದೆವು. ಕ್ಯಾಮೆರಾ ಆ ಸುರಂಗದ ಒಳಗಿಂದ ಮಾತ್ರ ಕಾಣುತ್ತದೆ. ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಲು ಎಷ್ಟೋ ರೌಟರುಗಳು ಬಿಡುವುದಿಲ್ಲ, ಸರಿಯಿದ್ದದ್ದೂ ಕೆಟ್ಟಂತೆ ಕಾಣುತ್ತದೆ.

ಇನ್ನೊಂದು ಸಂಗತಿ ಇಷ್ಟಾದ ಮೇಲೆ ಎದುರಾಗುತ್ತದೆ. ವೈರ್‌ಗಾರ್ಡ್ ಹೆಸರಿನ ವಿಳಾಸವನ್ನು ವಿಚಾರಿಸುವುದು ಸಾಮಾನ್ಯವಾಗಿ ಸುರಂಗ ಶುರುವಾಗುವಾಗ ಮಾತ್ರ. ಮನೆಯಲ್ಲಿ ಕರೆಂಟ್ ಹೋಗಿ ಬಂದು, ಹೆಸರು ಹೊಸ ವಿಳಾಸಕ್ಕೆ ಹೊರಳಿದ್ದರೂ ನರಗುಂದದ ಫೋನು ಹಳೆಯದನ್ನೇ ತಟ್ಟುತ್ತಿರಬಹುದು. ಕ್ರಾನ್‌ನ ಐದು ನಿಮಿಷಕ್ಕೆ ಹಳೆಯ ನಮೂದು ಅಳಿಯುವ ಒಂದಿಷ್ಟು ಹೊತ್ತು ಸೇರಿಸಿ ಕಾದು, ಆಮೇಲೆ ಸುರಂಗವನ್ನು ಒಮ್ಮೆ ಆರಿಸಿ ಹಚ್ಚಬೇಕು. ಲಿನಕ್ಸ್‌ನ ವೈರ್‌ಗಾರ್ಡ್ ಪರಿಕರಗಳ ಜೊತೆ ಬರುವ `reresolve-dns.sh` ಎಂಬ ಸ್ಕ್ರಿಪ್ಟನ್ನು ಆಗಾಗ ಓಡಿಸುತ್ತಿದ್ದರೆ ಹೊಸ ವಿಳಾಸವನ್ನು ಅದು ತಾನೇ ಹಿಡಿಯುತ್ತದೆ. ಫೋನಿನಲ್ಲಿ ಕೈಯಿಂದಲೇ ಮಾಡಬೇಕಾಗಬಹುದು.